ಕತ್ತಲಲ್ಲಿ ಅಡುಗೆಮನೆಗೆ ಕರೆದೊಯ್ಯುವ ನಕ್ಷೆ ತಲೆಯೊಳಗೆ ಹೇಗಿರುತ್ತದೆ?

ಪ್ರಶ್ನೆ: ಹಳೇ ಮನೆಯಲ್ಲಿ ಕರೆಂಟ್ ಹೋದರೂ ಹಾಲಿನಿಂದ ಅಡುಗೆಮನೆಗೆ ಆರಾಮಾಗಿ ಹೋಗ್ತಿದ್ದೆ. ನಡುವೆ ಒಂದು ಸಲ ಗೋಡೆಗೆ ಕೈ ತಾಗಿದರೆ ಸಾಕು. ಹೊಸ ಮನೆಗೆ ಬಂದ ಮೇಲೆ ಸ್ಟೂಲಿಗೆ, ಬಾಗಿಲಿಗೆ ಡಿಕ್ಕಿ ಹೊಡೆದದ್ದೇ ಹೊಡೆದದ್ದು. ಮೆದುಳಲ್ಲಿ ಜಿಪಿಎಸ್ ಇದೆ, ಅದರಲ್ಲಿ ಪ್ಲೇಸ್ ಸೆಲ್, ಗ್ರಿಡ್ ಸೆಲ್ ಇವೆ ಅಂತ ಓದಿದೆ. ನಿಜವಾಗ್ಲೂ ಒಂದು ನಕ್ಷೆ ಇರುತ್ತಾ? ಹಾಲಿನ ಕೋಶದ ಪಕ್ಕದಲ್ಲೇ ಅಡುಗೆಮನೆಯ ಕೋಶ ಇರುತ್ತಾ?

ಉತ್ತರ: ಪಕ್ಕದಲ್ಲಿ ಇರುವುದಿಲ್ಲ. ಈ ವಿಷಯದಲ್ಲಿ ಎಲ್ಲರೂ ಮೊದಲು ಎಡವುವುದು ಇಲ್ಲೇ. ಚರ್ಮದ ಸ್ಪರ್ಶವನ್ನು ಗ್ರಹಿಸುವ ಮೆದುಳಿನ ಭಾಗದಲ್ಲಿ ತೋರುಬೆರಳಿನ ಜಾಗದ ಪಕ್ಕ ನಡುಬೆರಳಿನ ಜಾಗ ಇರುತ್ತದೆ. ಅಲ್ಲಿ ಒಂದು ರೀತಿಯ ಚಿತ್ರವೇ ಇದೆ ಎನ್ನಬಹುದು. ಪ್ಲೇಸ್ ಸೆಲ್‌ಗಳಿರುವುದು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ಅಲ್ಲಿ ಅಂಥ ಚಿತ್ರ ಇಲ್ಲ. ಒಂದಕ್ಕೊಂದು ಅಂಟಿಕೊಂಡ ಎರಡು ಕೋಶಗಳಲ್ಲಿ ಒಂದು ಕೋಣೆಯ ಈ ಮೂಲೆಗೆ, ಇನ್ನೊಂದು ಎದುರು ಗೋಡೆಗೆ ಸ್ಪಂದಿಸಬಹುದು. ಮೂರನೆಯದು ಆ ಕೋಣೆಯಲ್ಲಿ ಬಾಯೇ ಬಿಡದೆ ಇರಬಹುದು. ಆದರೂ ನಾವು ಅದನ್ನು ನಕ್ಷೆ ಎನ್ನುತ್ತೇವೆ. ಯಾಕೆ ಎನ್ನುವುದೇ ಹೇಳಬೇಕಾದ ಕಥೆ.

ಜಿಪಿಎಸ್ ಹೋಲಿಕೆ ನನಗೆ ಅಷ್ಟು ಹಿಡಿಸುವುದಿಲ್ಲ. ಫೋನಿಗೆ 'ನೀನು ಇಲ್ಲಿದ್ದೀಯ' ಎಂದು ಲೆಕ್ಕ ಹಾಕಲು ಆಕಾಶದಿಂದ ಸಿಗ್ನಲ್ ಬರುತ್ತದೆ. ಮೆದುಳಿಗೆ ಅಂಥ ಯಾರೂ ಇಲ್ಲ. ಕಣ್ಣು, ಮೂಗು, ಕಾಲು, ಗೋಡೆಗೆ ತಾಗಿದ ಕೈ, ಇಷ್ಟರಲ್ಲೇ ಅದು ಜಾಗವನ್ನು ಕಂಡುಕೊಳ್ಳಬೇಕು.

ಈ ಕೋಶಗಳ ಮಾತನ್ನು ಕೇಳುವುದು ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ. ಕೂದಲಿಗಿಂತ ತೆಳುವಾದ ನಾಲ್ಕು ತಂತಿಗಳನ್ನು ಹೊಸೆದು ಇಲಿಯ ಹಿಪೊಕ್ಯಾಂಪಸ್‌ಗೆ ಇಳಿಸುತ್ತೇವೆ. ಇದಕ್ಕೆ ಟೆಟ್ರೋಡ್ ಎನ್ನುತ್ತಾರೆ. ತಲೆಯ ಮೇಲಿನ ಪುಟ್ಟ ಸ್ಕ್ರೂವನ್ನು ದಿನಾ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಕೋಶಗಳ ಹತ್ತಿರ ಹೋಗಬೇಕು. ಸಂಕೇತವನ್ನು ಹಿಗ್ಗಿಸಿ ಸ್ಪೀಕರ್‌ಗೆ ಕೊಟ್ಟರೆ ಕೋಶದ ಒಂದೊಂದು ಮಿಡಿತವೂ 'ಪಟ್' ಎಂದು ಕೇಳುತ್ತದೆ. ಇಲಿ ಪೆಟ್ಟಿಗೆಯಲ್ಲಿ ಬಿಸ್ಕತ್ತಿನ ಚೂರು ಹುಡುಕುತ್ತಾ ಓಡಾಡುತ್ತಿರುತ್ತದೆ. ಸ್ಪೀಕರ್ ಸುಮ್ಮನಿರುತ್ತದೆ. ಇದ್ದಕ್ಕಿದ್ದಂತೆ ಒಂದು ಜಾಗದಲ್ಲಿ ಪಟಪಟಪಟ. ದಾಟಿ ಹೋದರೆ ಮತ್ತೆ ಮೌನ. ಸುತ್ತಿ ಬಂದು ಅದೇ ಜಾಗಕ್ಕೆ ಕಾಲಿಟ್ಟರೆ ಮತ್ತೆ ಪಟಪಟ. ಬಯಲು ಪೆಟ್ಟಿಗೆಯಲ್ಲಾದರೆ ಇಲಿ ಯಾವ ಕಡೆ ಮುಖ ಮಾಡಿದೆ ಎನ್ನುವುದೂ ಅಷ್ಟಾಗಿ ಲೆಕ್ಕಕ್ಕಿಲ್ಲ. ಒಳಗೆ ಸೆಕೆಂಡಿಗೆ ಹತ್ತಿಪ್ಪತ್ತು ಮಿಡಿತ, ಹೊರಗೆ ಹೆಚ್ಚುಕಡಿಮೆ ಸೊನ್ನೆ. ಇದೇ ಪ್ಲೇಸ್ ಸೆಲ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಾನ್ ಓಕೀಫ್ ಮತ್ತು ಜೊನಾಥನ್ ದೊಸ್ತ್ರೋವ್ಸ್ಕಿ 1971ರಲ್ಲಿ ಇದನ್ನು ವರದಿ ಮಾಡಿದರು.

ಇಲ್ಲಿ ಮೋಸ ಹೋಗುವುದು ಸುಲಭ. ನಾನೇ ಹೋಗಿದ್ದೇನೆ. ಈ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ, ಪೆಟ್ಟಿಗೆಯಲ್ಲಿ ಮಿಡಿತ ಹೆಚ್ಚಾದ ಕಡೆ ಕೆಂಪು ಬಳಿದ ಚಿತ್ರವೊಂದನ್ನು, ಮೂಲೆಯೊಂದರಲ್ಲಿ ದಟ್ಟ ಕೆಂಪು ಕಲೆ ಇದ್ದದ್ದನ್ನು, ಹಿಡಿದು ಲ್ಯಾಬೆಲ್ಲ ಓಡಾಡಿದೆ. ನಮ್ಮ ಹಿರಿಯರೊಬ್ಬರು ನೋಡಿ, 'ಇಲಿ ಆ ಮೂಲೆಯಲ್ಲಿ ಎಷ್ಟು ಹೊತ್ತು ಕೂತಿತ್ತು?' ಎಂದರು ಅಷ್ಟೇ. ದೊಡ್ಡ ಚೂರೊಂದು ಸಿಕ್ಕಿ ಅದು ಅಲ್ಲೇ ಕೂತು ತಿಂದಿತ್ತು. ಹೆಚ್ಚು ಹೊತ್ತು ಕೂತ ಜಾಗದಲ್ಲಿ ಯಾವ ಕೋಶವಾದರೂ ಹೆಚ್ಚು ಮಿಡಿತ ಕೂಡಿಸಿಯೇ ಕೂಡಿಸುತ್ತದೆ. ಅದಕ್ಕೇ ನೆಲವನ್ನು ಪುಟ್ಟ ಪುಟ್ಟ ಚೌಕಗಳೆಂದುಕೊಂಡು, ಪ್ರತಿ ಚೌಕದಲ್ಲಿ ಆದ ಮಿಡಿತಗಳನ್ನು ಇಲಿ ಅಲ್ಲಿ ಕಳೆದ ಹೊತ್ತಿನಿಂದ ಭಾಗಿಸಬೇಕು. ಭಾಗಿಸಿದ ಮೇಲೆ ನನ್ನ ಕೆಂಪು ಕಲೆ ಮಾಯವಾಯಿತು.

ಇನ್ನೊಂದು ಅನುಮಾನ ವಾಸನೆಯದು. ಕೋಶ ಜಾಗಕ್ಕೆ ಸ್ಪಂದಿಸುತ್ತಿದೆಯೋ, ನೆಲದ ಮೇಲೆ ಇಲಿ ಬಿಟ್ಟ ಉಚ್ಚೆಯ ವಾಸನೆಗೋ? ಇದನ್ನು ಬಿಡಿಸಲು ರಾಬರ್ಟ್ ಮುಲ್ಲರ್ ಮತ್ತು ಜಾನ್ ಕ್ಯೂಬಿ ತಂಡ 1987ರಲ್ಲಿ ಬಳಸಿದ ಉಪಾಯ ಇಂದಿಗೂ ನಡೆಯುತ್ತದೆ. 76 ಸೆಂ.ಮೀ. ಅಗಲದ ದುಂಡನೆಯ ಗೂಡು, ಅದರ ಗೋಡೆಗೆ ಒಂದೇ ಒಂದು ಬಿಳಿ ಕಾರ್ಡು. ಕಾರ್ಡು ಬಿಟ್ಟರೆ ದಿಕ್ಕು ಹೇಳುವ ಗುರುತು ಬೇರೆ ಇಲ್ಲ. ಇಲಿಯನ್ನು ಹೊರಗೆ ತೆಗೆದು ಕಾರ್ಡನ್ನು 90 ಡಿಗ್ರಿ ತಿರುಗಿಸಿ ಮತ್ತೆ ಒಳಗೆ ಬಿಟ್ಟರೆ ಕೋಶದ ಜಾಗವೂ 90 ಡಿಗ್ರಿ ತಿರುಗುತ್ತದೆ. ನೆಲದ ವಾಸನೆ ಕಾರಣವಾಗಿದ್ದರೆ ಜಾಗ ನೆಲದ ಜೊತೆ ಉಳಿಯಬೇಕಿತ್ತು, ಅಲ್ವಾ?

ಹಾಗಾದರೆ ನಕ್ಷೆ ಎಲ್ಲಿ? ಒಂದು ಕೋಶದಲ್ಲಿ ಇಲ್ಲ. ಶಾಲೆಯ ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಈ ಕ್ಷಣ ಯಾರ್ಯಾರು 'ಹಾಜರ್' ಎಂದರು, ಯಾರು ಸುಮ್ಮನಿದ್ದರು ಎಂಬ ಪಟ್ಟಿಯೇ ಒಂದು ಜಾಗದ ಹೆಸರು. ಹಾಲಿನ ನಡುವೆ ಒಂದು ಪಟ್ಟಿ, ಎರಡು ಹೆಜ್ಜೆ ಮುಂದೆ ಸ್ವಲ್ಪ ಬದಲಾದ ಪಟ್ಟಿ. ಹತ್ತಿರದ ಜಾಗಗಳ ಪಟ್ಟಿಗಳು ಒಂದನ್ನೊಂದು ಹೋಲುತ್ತವೆ. ದೂರದ ಜಾಗಗಳದ್ದು ಹೋಲುವುದಿಲ್ಲ. ಹುಡುಗರು ತರಗತಿಯಲ್ಲಿ ಎಲ್ಲೆಲ್ಲಿ ಕೂತಿದ್ದಾರೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೂರರಷ್ಟು ಕೋಶಗಳ ಹಾಜರಿ ಸಿಕ್ಕರೆ, ಇಲಿಯ ಕಡೆ ನೋಡದೆಯೇ ಅದು ಎಲ್ಲಿದೆ ಎಂದು ಕೆಲವು ಸೆಂಟಿಮೀಟರ್‌ಗಳ ತಪ್ಪಿನೊಳಗೆ ಹೇಳಬಹುದು.

ಆದರೆ ಹಾಜರಿಯಲ್ಲಿ ಒಂದು ಕೊರತೆ ಇದೆ. 'ಎಲ್ಲಿ' ಎನ್ನುವುದು ಗೊತ್ತಾಗುತ್ತದೆ, 'ಎಷ್ಟು ದೂರ' ಎನ್ನುವುದು ಗೊತ್ತಾಗುವುದಿಲ್ಲ. ನಕ್ಷೆಗೆ ಅಳತೆಗೋಲು ಬೇಡವೇ?

ಆ ಅಳತೆಗೋಲಿನಂಥದ್ದು ಸಿಕ್ಕಿದ್ದು ಹಿಪೊಕ್ಯಾಂಪಸ್‌ಗೆ ಸುದ್ದಿ ಕಳಿಸುವ ನೆರೆಯ ಭಾಗದಲ್ಲಿ. ಅದರ ಹೆಸರು ಎಂಟೊರೈನಲ್ ಕಾರ್ಟೆಕ್ಸ್. ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ ಅಲ್ಲಿನ ಕೋಶಗಳನ್ನು ಕೇಳಿಸಿಕೊಂಡಾಗ ಒಂದೊಂದು ಕೋಶವೂ ಹಲವು ಜಾಗಗಳಲ್ಲಿ ಮಿಡಿಯುತ್ತಿತ್ತು. ಪೆಟ್ಟಿಗೆ ಚಿಕ್ಕದಾಗಿದ್ದಾಗ ಆ ಜಾಗಗಳ ನಡುವಿನ ಕ್ರಮ ಸ್ಪಷ್ಟವಾಗಲಿಲ್ಲ. ಇಲಿಯನ್ನು ದೊಡ್ಡ ಅಂಗಳಕ್ಕೆ ಬಿಟ್ಟಾಗ ಚಿತ್ರ ಎದ್ದು ಬಂತು. 2005ರಲ್ಲಿ ಅದು ಪ್ರಕಟವಾಯಿತು. 2014ರ ನೊಬೆಲ್ ಬಹುಮಾನದಲ್ಲಿ ಅರ್ಧ ಓಕೀಫ್ ಅವರಿಗೆ, ಉಳಿದರ್ಧ ಇವರಿಬ್ಬರಿಗೆ ಬಂತು.

ಚಿತ್ರ ಎಂಥದ್ದು? ನಮ್ಮ ಅಂಗಳದ ಚುಕ್ಕಿ ರಂಗೋಲಿ ಗೊತ್ತಿರುವವರಿಗೆ ಒಂದೇ ಮಾತು ಸಾಕು: ಸಂದು ಚುಕ್ಕಿ. ಒಂದು ಸಾಲಿನ ಚುಕ್ಕಿಗಳ ನಡುವಿನ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ ಬರುತ್ತದಲ್ಲ, ಹಾಗೆ. ನೇರ ಚುಕ್ಕಿಯ ಚೌಕಗಳಲ್ಲ, ಎಲ್ಲ ಬದಿ ಸಮವಾದ ತ್ರಿಕೋನಗಳು. ಪ್ರತಿ ಚುಕ್ಕಿಯ ಸುತ್ತ ಆರು ಚುಕ್ಕಿ. ಇಲಿ ಅಂಥ ಒಂದೊಂದು ಚುಕ್ಕಿಯ ಮೇಲೆ ಬಂದಾಗಲೂ ಆ ಒಂದೇ ಕೋಶ ಮಿಡಿಯುತ್ತದೆ. ಇದೇ ಗ್ರಿಡ್ ಸೆಲ್. ನೆಲದ ಮೇಲೆ ಚುಕ್ಕಿಯ ಗುರುತೇ ಇಲ್ಲ. ಚುಕ್ಕಿ ಇಟ್ಟವಳು ಇಲಿಯ ತಲೆಯೊಳಗೇ ಇದ್ದಾಳೆ.

ಪ್ಲೇಸ್ ಸೆಲ್‌ಗಿಂತ ಇಲ್ಲಿ ಶಿಸ್ತು ಜಾಸ್ತಿ. ನೆರೆಹೊರೆಯ ಗ್ರಿಡ್ ಕೋಶಗಳ ರಂಗೋಲಿಯಲ್ಲಿ ಚುಕ್ಕಿಗಳ ಅಂತರ ಒಂದೇ, ಓರೆಯೂ ಒಂದೇ. ಇಡೀ ರಂಗೋಲಿ ಸ್ವಲ್ಪ ಆಚೆ ಈಚೆ ಜರುಗಿರುತ್ತದೆ ಅಷ್ಟೇ. ಎಂಟೊರೈನಲ್ ಕಾರ್ಟೆಕ್ಸ್‌ನ ಮೇಲಿನ ತುದಿಯಲ್ಲಿ ಅಂತರ ಸುಮಾರು ಒಂದು ಅಡಿ. ಕೆಳಗೆ ಇಳಿದಂತೆ ಅದು ದೊಡ್ಡದಾಗುತ್ತಾ ಹೋಗುತ್ತದೆ. ಅದೂ ನುಣುಪಾಗಿ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಒಂದು ಮೆಟ್ಟಿಲಿನ ಅಂತರ ಅದಕ್ಕಿಂತ ಮೇಲಿನದರ ಸುಮಾರು 1.4 ಪಟ್ಟು ಎಂದು ಅದೇ ತಂಡ 2012ರಲ್ಲಿ ತೋರಿಸಿತು.

'ಒಂದೇ ಕೋಶ ಹತ್ತು ಕಡೆ ಮಿಡಿದರೆ ಜಾಗ ಗೊತ್ತಾಗುವುದು ಹೇಗೆ?' ಎಂದು ಕೇಳುತ್ತೀರಿ. ಗೋಡೆಯ ಮೇಲಿನ ಪಂಚಾಂಗ ನೋಡಿ. 'ಮಂಗಳವಾರ' ಎಂದರೆ ಯಾವ ದಿನ ಎಂದು ಗೊತ್ತಾಗುವುದಿಲ್ಲ, ಏಳು ದಿನಕ್ಕೊಮ್ಮೆ ಬರುತ್ತದೆ. 'ರೋಹಿಣಿ' ಎಂದರೂ ಗೊತ್ತಾಗುವುದಿಲ್ಲ, ಸುಮಾರು 27 ದಿನಕ್ಕೊಮ್ಮೆ ಬರುತ್ತದೆ. 'ಮಂಗಳವಾರ ರೋಹಿಣಿ' ಎಂದರೆ ತಿಂಗಳುಗಟ್ಟಲೆ ಕಾಯಬೇಕು. ಗಾತ್ರ ಬೇರೆ ಬೇರೆ ಇರುವ ಎರಡು ಚಕ್ರಗಳನ್ನು ಜೋಡಿಸಿದರೆ ಎರಡಕ್ಕಿಂತ ಎಷ್ಟೋ ದೊಡ್ಡ ಚಕ್ರ ಸಿಗುತ್ತದೆ. ಬೇರೆ ಬೇರೆ ಅಂತರದ ನಾಲ್ಕಾರು ರಂಗೋಲಿಗಳನ್ನು ಒಂದರ ಮೇಲೊಂದು ಹಾಸಿದರೆ ಎಲ್ಲದರ ಚುಕ್ಕಿಯೂ ಒಟ್ಟಿಗೆ ಕೂಡುವ ಜಾಗ ಬಹಳ ಅಪರೂಪ. ಅಂಥ ಜೋಡಣೆಯಿಂದ ಪ್ಲೇಸ್ ಸೆಲ್ ಹುಟ್ಟಬಹುದು ಎಂದು ಬಹಳ ಜನ ಲೆಕ್ಕ ಹಾಕಿದರು. ಲೆಕ್ಕ ಚೆಂದವಾಗಿ ಕೂಡಿಬರುತ್ತದೆ. ಆದರೆ ಇಲಿ ಅದನ್ನು ಪೂರ್ತಿ ಒಪ್ಪುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ನನಗೆ ಈ ಇಡೀ ಕ್ಷೇತ್ರದಲ್ಲೇ ಜಾಸ್ತಿ ಇಷ್ಟವಾದ ಪ್ರಯೋಗ. ನಕ್ಷೆಯ ಅಳತೆ ಗಟ್ಟಿಯೋ ರಬ್ಬರೋ ಎಂದು ಕೇಳುವ ಪ್ರಯೋಗ ಇದು.

1996ರಲ್ಲಿ ಓಕೀಫ್ ಮತ್ತು ನೀಲ್ ಬರ್ಜೆಸ್ ಇಲಿಯನ್ನು 61 ಸೆಂ.ಮೀ. ಚೌಕದ ಪೆಟ್ಟಿಗೆಗೆ ಬಿಟ್ಟು ಪ್ಲೇಸ್ ಸೆಲ್‌ಗಳ ಜಾಗ ಬರೆದುಕೊಂಡರು. ಆಮೇಲೆ ಗೋಡೆಗಳನ್ನು ಸರಿಸಿ ಒಂದು ಕಡೆ 122 ಸೆಂ.ಮೀ. ಉದ್ದ ಮಾಡಿದರು. ಕೋಶ ಕೇವಲ ಒಂದು ಬಿಂದುವನ್ನು ನೆನಪಿಟ್ಟುಕೊಂಡಿದ್ದರೆ ಅದರ ಜಾಗ ಇದ್ದಲ್ಲೇ ಇರಬೇಕು. ಕೆಲವು ಕೋಶಗಳು ಹಾಗೇ ಮಾಡಿದವು, ಒಂದು ಗೋಡೆಯಿಂದ ಹಳೆಯ ಅಂತರದಲ್ಲೇ ಉಳಿದವು. ಇನ್ನು ಕೆಲವುಗಳ ಜಾಗ ಗೋಡೆ ಎಳೆದ ದಿಕ್ಕಿನಲ್ಲೇ ಉದ್ದಕ್ಕೆ ಹಿಗ್ಗಿತು. ಮತ್ತೆ ಕೆಲವುಗಳ ಜಾಗ ನಡುವೆ ಹರಿದು ಎರಡಾಯಿತು: ಒಂದು ತುಂಡು ಈ ಗೋಡೆಯ ಜೊತೆ ನಿಂತಿತು, ಇನ್ನೊಂದು ಸರಿದ ಗೋಡೆಯ ಜೊತೆ ಹೋಯಿತು.

ಈ ಹರಿದ ಜಾಗಗಳೇ ಗುಟ್ಟು ಬಿಟ್ಟುಕೊಟ್ಟವು. ಕೋಶ 'ಈ ಗೋಡೆಯಿಂದ ಇಷ್ಟು, ಆ ಗೋಡೆಯಿಂದ ಇಷ್ಟು' ಎಂಬ ಎರಡು ಸುದ್ದಿಗಳನ್ನು ಕೂಡಿಸುತ್ತಿತ್ತು. ಚಿಕ್ಕ ಪೆಟ್ಟಿಗೆಯಲ್ಲಿ ಎರಡೂ ಒಂದೇ ಕಡೆ ಕೂಡುತ್ತಿದ್ದವು. ಪೆಟ್ಟಿಗೆ ಹಿಗ್ಗಿದಾಗ ಬೇರೆಯಾದವು. ಹಾಗಿದ್ದರೆ ಗೋಡೆಯ ದೂರವನ್ನಷ್ಟೇ ಹೇಳುವ ಕೋಶಗಳು ಎಲ್ಲೋ ಇರಲೇಬೇಕು ಎಂದು ಲಂಡನ್ನಿನವರು ಮುಂಚೆಯೇ ಹೇಳಿಟ್ಟರು. ಹತ್ತು ವರ್ಷ ದಾಟಿದ ಮೇಲೆ, 2008ರಲ್ಲಿ ಟ್ರೊಂಡ್‌ಹೈಮ್‌ನಲ್ಲೂ 2009ರಲ್ಲಿ ಲಂಡನ್ನಿನಲ್ಲೂ ಅಂಥ ಕೋಶಗಳು ಸಿಕ್ಕವು. ಕಾಣದ್ದನ್ನು ಮೊದಲೇ ಊಹಿಸಿ ಆಮೇಲೆ ಕಂಡುಕೊಂಡದ್ದು ಮೆದುಳಿನ ವಿಜ್ಞಾನದಲ್ಲಿ ಬಹಳ ಸಲ ಆಗಿಲ್ಲ.

ಗ್ರಿಡ್ ಕೋಶಗಳ ಸರದಿ 2007ರಲ್ಲಿ ಬಂತು. ಕ್ಯಾಸ್ವೆಲ್ ಬ್ಯಾರಿ ಮತ್ತು ಜೊತೆಗಾರರು ಇಲಿಗೆ ಚೆನ್ನಾಗಿ ಪರಿಚಯವಿದ್ದ ಒಂದು ಮೀಟರ್ ಚೌಕದ ಪೆಟ್ಟಿಗೆಯ ಒಂದು ಬದಿಯನ್ನು 70 ಸೆಂ.ಮೀ.ಗೆ ಕುಗ್ಗಿಸಿದರು. ಲೆಕ್ಕ ಸುಲಭವಾಗಲಿ ಎಂದು ಚುಕ್ಕಿಗಳ ಅಂತರ 40 ಸೆಂ.ಮೀ. ಇರುವ ಒಂದು ಕೋಶವನ್ನು ಊಹಿಸಿಕೊಳ್ಳೋಣ. ಅದು ಕಬ್ಬಿಣದ ಸ್ಕೇಲಿನಂತಿದ್ದರೆ ಪೆಟ್ಟಿಗೆ ಕುಗ್ಗಿದರೂ ಅಂತರ 40 ಆಗಿಯೇ ಉಳಿಯಬೇಕು. ಪೂರ್ತಿ ರಬ್ಬರ್ ಆಗಿದ್ದರೆ ಪೆಟ್ಟಿಗೆಯಷ್ಟೇ ಕುಗ್ಗಿ 28ಕ್ಕೆ ಬರಬೇಕು. ನಿಜವಾಗಿ ಆದದ್ದು ಇವೆರಡರ ನಡುವೆ. ಗೋಡೆ ಕುಗ್ಗಿದ್ದರ ಅರ್ಧದಷ್ಟು ಮಾತ್ರ ರಂಗೋಲಿ ಕುಗ್ಗಿತು. ನಮ್ಮ ಕೋಶದಲ್ಲಾದರೆ ಅಂತರ 34ರ ಆಸುಪಾಸು. ಅದೂ ಗೋಡೆ ಸರಿದ ದಿಕ್ಕಿನಲ್ಲಿ ಮಾತ್ರ. ಇನ್ನೊಂದು ದಿಕ್ಕಿನಲ್ಲಿ ಹಾಗೇ ಇತ್ತು. ಬದಲಾದ ಪೆಟ್ಟಿಗೆ ಇಲಿಗೆ ಅಭ್ಯಾಸವಾದಂತೆ ರಂಗೋಲಿ ತನ್ನ ಸಹಜ ಅಳತೆಗೆ ಮರಳುತ್ತಾ ಬಂತು.

ಇದನ್ನು ನಾನು ಓದಿಕೊಳ್ಳುವುದು ಹೀಗೆ. ಒಳಗೆ ಒಂದು ಸ್ವಂತ ಅಳತೆ ಇದೆ, ಹೆಜ್ಜೆ ಎಣಿಸುವ ಅಳತೆ. ಹೊರಗೆ ಗೋಡೆಗಳ ನೆನಪಿದೆ. ಎರಡೂ ಒಪ್ಪಿದಾಗ ತಕರಾರಿಲ್ಲ. ಒಪ್ಪದಿದ್ದಾಗ ಇಬ್ಬರೂ ಅರ್ಧರ್ಧ ಬಿಟ್ಟುಕೊಟ್ಟು ರಾಜಿ ಆಗುತ್ತಾರೆ. ಆದ್ದರಿಂದ ಹಿಪೊಕ್ಯಾಂಪಸ್‌ನ ನಕ್ಷೆ ಸರ್ವೆ ಇಲಾಖೆಯ ನಕ್ಷೆಯಂತೆ ಇಂಚು ಹಿಡಿದು ಬರೆದದ್ದಲ್ಲ. ಅಂಚುಗಳಿಗೆ ಮೊಳೆ ಹೊಡೆದು ಬಿಗಿದ ಬಟ್ಟೆಯಂಥದ್ದು. ಮೊಳೆ ಕದಲಿದರೆ ಬಟ್ಟೆಯೂ ಎಳೆದಾಡುತ್ತದೆ.

ಇನ್ನು ನಿಮ್ಮ ಕತ್ತಲಿಗೆ ಬರೋಣ. ಲೈಟ್ ಆರಿಸಿದರೂ ಪ್ಲೇಸ್ ಸೆಲ್‌ಗಳು ಕೆಲಸ ನಿಲ್ಲಿಸುವುದಿಲ್ಲ. ಆದರೆ ಒಂದು ಷರತ್ತಿದೆ. ಗ್ರೆಗರಿ ಕ್ವರ್ಕ್, ಮುಲ್ಲರ್ ಮತ್ತು ಕ್ಯೂಬಿ 1990ರಲ್ಲಿ ತೋರಿಸಿದ್ದು ಇದು: ಇಲಿ ಬೆಳಕಿನಲ್ಲಿ ಒಳಗೆ ಬಂದು ಆಮೇಲೆ ಲೈಟ್ ಹೋದರೆ ಬಹುಪಾಲು ಕೋಶಗಳು ತಮ್ಮ ಜಾಗ ಹಿಡಿದುಕೊಂಡಿರುತ್ತವೆ. ಮೊದಲಿನಿಂದಲೇ ಕತ್ತಲಲ್ಲಿ ಒಳಗೆ ಬಿಟ್ಟರೆ ಎಷ್ಟೋ ಕೋಶಗಳು ಬೇರೆಯೇ ಜಾಗ ಹಿಡಿಯುತ್ತವೆ. ನೀವು ಹಾಲಿನಲ್ಲಿ ಕೂತಿದ್ದಾಗ ಕರೆಂಟ್ ಹೋದದ್ದು ನಿಮ್ಮ ಅದೃಷ್ಟ. 'ಈಗ ಎಲ್ಲಿದ್ದೇನೆ' ಎಂಬುದು ಆಗಲೇ ಗೊತ್ತಿತ್ತು. ಅಲ್ಲಿಂದ ಮುಂದೆ ಹೆಜ್ಜೆ ಮತ್ತು ತಿರುವುಗಳನ್ನು ಕೂಡಿಸಿಕೊಂಡು ಹೋದರಾಯಿತು. ಇಲಿಯ ಮೆದುಳಿನಲ್ಲಿ ತಲೆ ಯಾವ ಕಡೆ ತಿರುಗಿದೆ ಎಂದು ಹೇಳುವ ಕೋಶಗಳೂ ಇವೆ. ಅವು ಮತ್ತು ವೇಗದ ಸುದ್ದಿ ಸೇರಿ ರಂಗೋಲಿಯ ಮೇಲೆ ಜಾಗವನ್ನು ಮುಂದೆ ಮುಂದೆ ತಳ್ಳುತ್ತವೆ.

ಹೀಗೆ ಕೂಡಿಸುವುದರಲ್ಲಿ ತಪ್ಪುಗಳೂ ಕೂಡುತ್ತವೆ. ಒಂದು ಹೆಜ್ಜೆಯಲ್ಲಿ ಒಂದು ಬೆರಳಿನಷ್ಟು ತಪ್ಪಿದರೂ ಹತ್ತು ಹೆಜ್ಜೆಗೆ ಬಾಗಿಲು ತಪ್ಪಬಹುದು. 2015ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲೀಸಾ ಜೊಕೊಮೊ ಅವರ ತಂಡ ಇಲಿಮರಿಗಳಂಥ ಚಿಕ್ಕ ಮೌಸ್‌ಗಳಲ್ಲಿ ಇದನ್ನೇ ಅಳೆಯಿತು. ಪ್ರಾಣಿ ಗೋಡೆ ಬಿಟ್ಟು ಎಷ್ಟು ಹೊತ್ತಾಯಿತು ಎಂಬುದಕ್ಕೆ ತಕ್ಕಂತೆ ಗ್ರಿಡ್ ಕೋಶದ ಚುಕ್ಕಿ ಮಸುಕಾಗುತ್ತಾ ಹೋಯಿತು. ಗೋಡೆಗೆ ತಾಗಿದೊಡನೆ ಮತ್ತೆ ಸರಿಯಾಯಿತು. ಉತ್ತರ-ದಕ್ಷಿಣಕ್ಕೆ ಹಬ್ಬಿದ ಗೋಡೆಗೆ ತಾಗಿದರೆ ಪೂರ್ವ-ಪಶ್ಚಿಮದ ತಪ್ಪು ಮಾತ್ರ ತಿದ್ದಿಕೊಳ್ಳುತ್ತದೆ. ಅದು ಸರಿಯೇ, ಆ ಗೋಡೆ ಹೇಳಬಲ್ಲದ್ದು ಅಷ್ಟನ್ನೇ. ನಿಮ್ಮ ಪ್ರಶ್ನೆಯಲ್ಲಿ 'ಒಂದು ಸಲ ಗೋಡೆಗೆ ಕೈ ತಾಗಿದರೆ ಸಾಕು' ಎಂದು ಓದಿದಾಗ ನನಗೆ ತಕ್ಷಣ ನೆನಪಾದದ್ದು ಈ ಪ್ರಯೋಗ. ಮನುಷ್ಯರ ಮೆದುಳಿನಲ್ಲಿ ಆ ಕ್ಷಣ ಹೀಗೇ ಆಗುತ್ತದೆ ಎಂದು ಯಾರೂ ನೇರವಾಗಿ ಕೇಳಿಸಿಕೊಂಡಿಲ್ಲ. ಆದರೆ ಲೆಕ್ಕದ ರೀತಿ ಒಂದೇ.

ಹೊಸ ಮನೆಯಲ್ಲಿ ಯಾಕೆ ಡಿಕ್ಕಿ? ಅಲ್ಲಿ ಹಾಜರಿ ಪುಸ್ತಕದ ಪುಟವೇ ಬೇರೆ. ಇಲಿಯನ್ನು ಒಂದು ಕೋಣೆಯಿಂದ ಬೇರೆ ರೀತಿಯ ಕೋಣೆಗೆ ಒಯ್ದರೆ ಪ್ಲೇಸ್ ಸೆಲ್‌ಗಳು ಹಳೇ ನಕ್ಷೆಯನ್ನು ಸ್ವಲ್ಪ ತಿದ್ದಿ ಬಳಸುವುದಿಲ್ಲ. ಅಲ್ಲಿ ಮಿಡಿಯುತ್ತಿದ್ದ ಕೋಶ ಇಲ್ಲಿ ಸುಮ್ಮನಾಗುತ್ತದೆ. ಸುಮ್ಮನಿದ್ದದ್ದು ಮಾತಾಡುತ್ತದೆ. ಎರಡರಲ್ಲೂ ಮಾತಾಡುವ ಕೋಶಗಳ ಜಾಗಗಳಿಗೆ ಪರಸ್ಪರ ಸಂಬಂಧ ಇರುವುದಿಲ್ಲ. ಅಲ್ಲಿ ನೆರೆಯವರಾಗಿದ್ದ ಎರಡು ಕೋಶ ಇಲ್ಲಿ ಎದುರುಬದುರು ಮೂಲೆಯಲ್ಲಿ ಇರಬಹುದು. ಇದನ್ನು ರೀಮ್ಯಾಪಿಂಗ್ ಎನ್ನುತ್ತಾರೆ. ಗ್ರಿಡ್ ಕೋಶಗಳು ಹೀಗೆ ಮಾಡುವುದಿಲ್ಲ. ನೆರೆಯ ಗ್ರಿಡ್ ಕೋಶಗಳೆಲ್ಲ ಒಟ್ಟಾಗಿ ತಿರುಗುತ್ತವೆ, ಒಟ್ಟಾಗಿ ಜರುಗುತ್ತವೆ. ಅವುಗಳ ನಡುವಿನ ನಂಟು ಕೆಡುವುದಿಲ್ಲ. ಅಂದರೆ ಚುಕ್ಕಿ ಇಡುವ ಕೈ ಎಲ್ಲ ಮನೆಗೂ ಒಂದೇ. ರಂಗೋಲಿಯ ಮೇಲೆ ಬರೆದ ಹೆಸರುಗಳು ಮಾತ್ರ ಮನೆಮನೆಗೂ ಬೇರೆ.

ಎಷ್ಟು ಬದಲಾದರೆ 'ಬೇರೆ ಮನೆ' ಆಗುತ್ತದೆ? 2005ರಲ್ಲಿ ಲಂಡನ್ನಿನ ಟಾಮ್ ವಿಲ್ಸ್ ಮತ್ತು ಜೊತೆಗಾರರು ಇಲಿಗಳಿಗೆ ಚೌಕ ಮತ್ತು ದುಂಡು ಎರಡೂ ಗೂಡುಗಳನ್ನು ಚೆನ್ನಾಗಿ ಪರಿಚಯ ಮಾಡಿಸಿದರು. ಎರಡಕ್ಕೂ ಬೇರೆ ಬೇರೆ ನಕ್ಷೆ ಆದ ಮೇಲೆ ನಡುವಿನ ಆಕಾರಗಳನ್ನು ಕೊಟ್ಟರು, ಚೌಕದಂತಿರುವ ಎಂಟು ಮೂಲೆಯ ಗೂಡು, ದುಂಡಿನಂತಿರುವ ಎಂಟು ಮೂಲೆಯ ಗೂಡು, ಹೀಗೆ. ನಕ್ಷೆ ನಿಧಾನಕ್ಕೆ ಕರಗಿ ಒಂದರಿಂದ ಇನ್ನೊಂದಾಗಲಿಲ್ಲ. ಒಂದು ಹಂತದವರೆಗೆ 'ಇದು ಚೌಕ', ಅದನ್ನು ದಾಟಿದೊಡನೆ ಬಹುತೇಕ ಎಲ್ಲ ಕೋಶಗಳೂ ಒಟ್ಟಿಗೆ 'ಇದು ದುಂಡು' ಎಂದವು. ಬೇರೆ ರೀತಿ ಕಲಿಸಿದಾಗ ನಿಧಾನವಾಗಿ ಬದಲಾದದ್ದೂ ಉಂಟು, ಆದ್ದರಿಂದ ಇದನ್ನು ಕಟ್ಟುನಿಟ್ಟಿನ ನಿಯಮ ಎನ್ನಲಾರೆ.

ಸ್ಟೂಲಿನ ವಿಷಯ ಬೇರೆ. ಎಂಟೊರೈನಲ್ ಕಾರ್ಟೆಕ್ಸ್‌ನ ಹೊರಬದಿಯ ಭಾಗದಲ್ಲಿ ರಂಗೋಲಿ ಕಾಣುವುದಿಲ್ಲ. ಅಲ್ಲಿನ ಕೆಲವು ಕೋಶಗಳು ವಸ್ತುಗಳ ಹತ್ತಿರ ಮಿಡಿಯುತ್ತವೆ. ಸಚಿನ್ ದೇಶಮುಖ್ ಮತ್ತು ಜೇಮ್ಸ್ ನಿಯರಿಮ್ 2011ರಲ್ಲಿ ಇದನ್ನು ತೋರಿಸಿದರು. ದೇಶಮುಖ್ ಆಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ವಸ್ತುವನ್ನು ತೆಗೆದ ಮೇಲೂ ಅದು ಇದ್ದ ಖಾಲಿ ಜಾಗದಲ್ಲಿ ಮಿಡಿಯುವ ಕೋಶಗಳೂ ಅಲ್ಲಿವೆ. ಸ್ವಿಚ್ ಇಲ್ಲದ ಗೋಡೆಗೆ ಕೈ ಹೋದಾಗ ನನಗೆ ಅವೇ ನೆನಪಾಗುತ್ತವೆ.

ಈಗ ಆಗಲೇ ಬಾಕಿ ಉಳಿಸಿದ ಮಾತು. ಗ್ರಿಡ್‌ನಿಂದ ಪ್ಲೇಸ್ ಹುಟ್ಟುತ್ತದೆ ಎಂಬ ಚೆಂದದ ಲೆಕ್ಕಕ್ಕೆ ಎರಡು ಕಡೆಯಿಂದ ಪೆಟ್ಟು ಬಿತ್ತು. 2010ರಲ್ಲಿ ಲಂಡನ್ನಿನಲ್ಲೂ ಟ್ರೊಂಡ್‌ಹೈಮ್‌ನಲ್ಲೂ ಗೂಡಿನಿಂದ ಆಗತಾನೆ ಹೊರಬರುತ್ತಿದ್ದ, ಹುಟ್ಟಿ ಎರಡು ವಾರ ದಾಟಿದ ಇಲಿಮರಿಗಳನ್ನು ನೋಡಿದರು. ದಿಕ್ಕು ಹೇಳುವ ಕೋಶಗಳು ಮೊದಲೇ ತಯಾರಿದ್ದವು. ಪ್ಲೇಸ್ ಸೆಲ್‌ಗಳೂ ಇದ್ದವು. ಅಚ್ಚುಕಟ್ಟಾದ ಗ್ರಿಡ್ ಬಂದದ್ದು ಅವುಗಳ ನಂತರ. ಮಗನಿಗಿಂತ ತಂದೆ ತಡವಾಗಿ ಹುಟ್ಟಲು ಆಗುವುದಿಲ್ಲವಲ್ಲ. ಎರಡನೆಯ ಪೆಟ್ಟು 2011ರದು. ಮೆದುಳಿನ ನಡುವೆ ಸೆಪ್ಟಮ್ ಎಂಬ ಭಾಗಕ್ಕೆ ಔಷಧಿ ಕೊಟ್ಟು ಸ್ವಲ್ಪ ಹೊತ್ತು ಮಲಗಿಸಿದಾಗ ಗ್ರಿಡ್‌ನ ಕ್ರಮ ಕೆಟ್ಟುಹೋಯಿತು. ಆದರೆ ಪರಿಚಯದ ಪೆಟ್ಟಿಗೆಯಲ್ಲಿ ಪ್ಲೇಸ್ ಸೆಲ್‌ಗಳು ತಮ್ಮ ಜಾಗ ಬಿಡಲಿಲ್ಲ.

ಹಾಗಂತ ಗ್ರಿಡ್ ಬೇಡವೇ ಬೇಡ ಎಂದಲ್ಲ. ಎಂಟೊರೈನಲ್ ಭಾಗಕ್ಕೆ ಪೆಟ್ಟಾದರೆ ಪ್ಲೇಸ್ ಸೆಲ್‌ಗಳ ನಿಖರತೆ ಕಡಿಮೆಯಾಗುತ್ತದೆ. ನನ್ನ ಅಂದಾಜು ಹೀಗಿದೆ: ಗೋಡೆಗಳಿಂದ ಪ್ಲೇಸ್ ಸೆಲ್‌ಗೆ ಮೊದಲ ಆಧಾರ ಸಿಗುತ್ತದೆ. ಗೋಡೆ ದೂರವಿದ್ದಾಗ, ಬೆಳಕಿಲ್ಲದಾಗ ಗ್ರಿಡ್ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಇದನ್ನು ಒಪ್ಪದ ಒಳ್ಳೆಯ ವಿಜ್ಞಾನಿಗಳು ಬೇಕಾದಷ್ಟು ಜನ ಇದ್ದಾರೆ.

ಇಷ್ಟೆಲ್ಲ ಕೋಶಗಳ ಮಾತಾಯಿತು. ಇಲಿ ಇದನ್ನು ನಿಜವಾಗಿ ಬಳಸುತ್ತದೆಯೇ, ಅಥವಾ ನಾವು ಹೊರಗೆ ಕೂತು ಓದಿಕೊಳ್ಳುತ್ತಿರುವುದಷ್ಟೆಯೇ? ರಿಚರ್ಡ್ ಮಾರಿಸ್ ತಂಡ 1982ರಲ್ಲಿ ಒಳಗಿನದು ಕಾಣದಂತೆ ಬೆಳ್ಳಗೆ ಮಾಡಿದ ನೀರಿನ ತೊಟ್ಟಿಯಲ್ಲಿ, ನೀರಿನ ಮಟ್ಟದ ಕೆಳಗೆ ಒಂದು ಕಟ್ಟೆ ಬಚ್ಚಿಟ್ಟು ಇಲಿಗಳನ್ನು ಈಜಲು ಬಿಟ್ಟಿತು. ಹಿಪೊಕ್ಯಾಂಪಸ್ ಇಲ್ಲದ ಇಲಿಗಳು ಕಟ್ಟೆಯ ಜಾಗ ಕಲಿಯಲಾರದೆ ಸುತ್ತಾಡಿದವು. ಕಟ್ಟೆ ಕಣ್ಣಿಗೆ ಕಾಣುವಂತಿದ್ದಾಗ ನೇರ ಈಜಿದವು. ಈಜು ಮರೆತಿರಲಿಲ್ಲ, ಜಾಗ ಮರೆತಿದ್ದವು.

ಅದಕ್ಕಿಂತ ಸೂಕ್ಷ್ಮವಾದ ಸಾಕ್ಷಿ 2013ರಲ್ಲಿ ಬಂತು. ಬ್ರ್ಯಾಡ್ ಫೈಫರ್ ಮತ್ತು ಡೇವಿಡ್ ಫಾಸ್ಟರ್ ಎರಡು ಮೀಟರ್ ಚೌಕದ ಅಂಗಳದಲ್ಲಿ 36 ಗುಳಿಗಳನ್ನು ಮಾಡಿದರು. ಒಂದು ಗುಳಿ ಆ ದಿನದ 'ಮನೆ', ಇಲಿಗೆ ಒಂದು ಸಲ ಅಲ್ಲಿ, ಮುಂದಿನ ಸಲ ಬೇರೆಲ್ಲೋ, ಮತ್ತೆ ಅಲ್ಲಿ ತಿನಿಸು ಸಿಗುತ್ತದೆ. ಬೇರೆಲ್ಲೋ ತಿಂದು ಮುಗಿಸಿ ಮನೆಗೆ ಹೊರಡುವ ಮುಂಚೆ ಇಲಿ ಒಂದು ಗಳಿಗೆ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಪ್ಲೇಸ್ ಸೆಲ್‌ಗಳು ಸೆಕೆಂಡಿನ ಸಣ್ಣ ಭಾಗದೊಳಗೆ ಸಾಲಾಗಿ ಮಿಡಿದವು. ಇಲಿ ಇನ್ನೂ ಕದಲಿಲ್ಲ. ಆದರೆ ಹಾಜರಿ ಓದಿದರೆ ಅದು ನಿಂತ ಜಾಗದಿಂದ ಹೊರಟು ಮನೆಯ ಕಡೆಗೆ ಸಾಗುವ ದಾರಿ ಕಾಣುತ್ತದೆ. ಹಿಂದೆಂದೂ ಆ ಗುಳಿಯಿಂದ ಆ ಮನೆಗೆ ಹೋಗದಿದ್ದಾಗಲೂ ಹೀಗಾಯಿತು. ನಕ್ಷೆ ಎಂಬ ಮಾತನ್ನು ನಾನು ಕೈಬಿಡದೆ ಇರುವುದಕ್ಕೆ ಇದೊಂದೇ ಕಾರಣ ಸಾಕು.

ಮನುಷ್ಯರಲ್ಲಿ? ಮೂರ್ಛೆರೋಗದ ಚಿಕಿತ್ಸೆಗಾಗಿ ಮೆದುಳಿನಲ್ಲಿ ತಂತಿ ಇಟ್ಟಿದ್ದ ರೋಗಿಗಳು ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಜಾಗಗಳಲ್ಲಿ ಓಡಾಡಿದಾಗ ಪ್ಲೇಸ್ ಸೆಲ್‌ಗಳಂಥ ಕೋಶಗಳು 2003ರಲ್ಲೂ, ಗ್ರಿಡ್‌ನಂಥವು 2013ರಲ್ಲೂ ಸಿಕ್ಕವು.

ನಿಮ್ಮ ಹಳೇ ಮನೆಯ ಪುಟ ಅಳಿಸಿಹೋಗಿರುತ್ತದೆಯೇ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದು ಇಲಿಯಲ್ಲಿ ಒಂದೇ ಪ್ಲೇಸ್ ಸೆಲ್ 153 ದಿನ ಅದೇ ಜಾಗ ಹಿಡಿದದ್ದನ್ನು 1990ರಲ್ಲಿ ವರದಿ ಮಾಡಿದ್ದಾರೆ. ಆದರೆ 2013ರಲ್ಲಿ ಮೌಸ್‌ಗಳ ತಲೆಯ ಮೇಲೆ ಪುಟ್ಟ ಮೈಕ್ರೋಸ್ಕೋಪ್ ಕೂರಿಸಿ ಸಾವಿರಾರು ಕೋಶಗಳನ್ನು 45 ದಿನ ನೋಡಿದಾಗ ಬೇರೆ ಸಂಗತಿ ಕಂಡಿತು. ಯಾವುದೇ ಎರಡು ದಿನ ತೆಗೆದುಕೊಂಡರೂ ನೂರಕ್ಕೆ 15ರಿಂದ 25 ಕೋಶಗಳು ಮಾತ್ರ ಎರಡೂ ದಿನದ ಹಾಜರಿಯಲ್ಲಿದ್ದವು. ಉಳಿದವರು ಬೇರೆ ಬೇರೆ. ಆದರೆ ಮತ್ತೆ ಬಂದವರು ಬಹುಮಟ್ಟಿಗೆ ತಮ್ಮ ಹಳೇ ಜಾಗಕ್ಕೇ ಬಂದು ಕೂತಿದ್ದರು.